ಹಳೆಯ ವಿಳಾಸಕ್ಕೆ ಹೋದ ನೋಟೀಸು

ಬ್ಯಾಡಗಿಯ ಮೆಣಸಿನಕಾಯಿ ವರ್ತಕನೊಬ್ಬನ ಆದಾಯ ತೆರಿಗೆಯ ನೋಟೀಸು ಆತನು ಎಂದೋ ಬಿಟ್ಟ ಲೆಕ್ಕಿಗನ ಇ-ಮೇಲಿಗೆ ಹೋಗಿ, ಅಹವಾಲನ್ನು ಕೇಳದೆಯೇ ಕರನಿರ್ಧಾರಣೆಯ ಆದೇಶವು ಹೊರಟಿತೆನ್ನೋಣ. ಅದನ್ನು ಹಿಂತೆಗೆದುಕೊಳ್ಳಿರೆಂದು ಅಧಿಕಾರಿಯನ್ನೇ ಪ್ರಾರ್ಥಿಸಲು 1961ರ ಅಧಿನಿಯಮದ 146ನೆಯ ಕಲಮು ಒಂದು ತಿಂಗಳ ಅವಕಾಶವಿತ್ತಿದ್ದಿತು. ವಿವೇಕಯುತವಾದ ಆ ಕಲಮು, ಏತಕ್ಕೋ, 1989ರಲ್ಲಿ ಲುಪ್ತವಾಯಿತು. 154ನೆಯ ಕಲಮು ದಾಖಲೆಯಲ್ಲಿ ಎದ್ದುಕಾಣುವ ತಪ್ಪನ್ನಷ್ಟೇ ತಿದ್ದುವುದರಿಂದ, 30 ದಿನಗಳೊಳಗೆ ಮೇಲ್ಮನವಿಯನ್ನೋ, ಅದನ್ನು ತ್ಯಜಿಸಿ ಒಂದು ವರ್ಷದೊಳಗೆ 264ನೆಯ ಕಲಮಿನ ಪುನರೀಕ್ಷಣೆಯನ್ನೋ ಆಶ್ರಯಿಸಬೇಕು. ವಾದದ ಜೀವಾಳವಾದರೋ 127ನೆಯ ನಿಯಮ: ಸಂಬಂಧಪಟ್ಟ ವರ್ಷದ ರಿಟರ್ನಿನಲ್ಲಿದ್ದ ವಿಳಾಸವೂ ಕೊನೆಯ ರಿಟರ್ನಿನದೂ ಎರಡೂ ಅದರಂತೆ ಸಿಂಧುವೇ ಆದುದರಿಂದ, ಹಳೆಯ ವಿಳಾಸವು ಎರಡರಲ್ಲಿಯೂ ಇಲ್ಲವೆಂದು ಪ್ರತಿಗಳ ಸಹಿತ ತೋರಿಸಿದಾಗ ಮಾತ್ರ ವರ್ತಕನ ವಾದಕ್ಕೆ ಬಲವುಂಟು, ಒಂದರಲ್ಲಿದ್ದರೂ ದೋಷವನ್ನು ಇಲಾಖೆಯ ಮೇಲೆ ಹೊರಿಸುವುದು ದುಸ್ಸಾಧ್ಯ.