ಲಾಭ ಏರಿದ್ದು ನಿಜ, ಯಾವುದರಿಂದ ಅಂತ ಬರೆಯಿರಿ

ಕಂಪನಿಗಳು ಮೂರು ತಿಂಗಳಿಗೊಮ್ಮೆ ಷೇರುಪೇಟೆಗೆ ಫಲಿತಾಂಶ ಕೊಡುತ್ತವೆ. ಅದರ ಜೊತೆ ಹಲವರು ಬಣ್ಣಬಣ್ಣದ ಸ್ಲೈಡ್‌ಗಳ ಒಂದು ಪಿಡಿಎಫ್ ಕೂಡ ಹಾಕುತ್ತಾರೆ. ನಮ್ಮೂರಿನ ಸಣ್ಣ ಷೇರುದಾರರ ಫೋನಿಗೆ ಬರುವುದು ಆ ಸ್ಲೈಡುಗಳೇ. ಅದನ್ನು ಕನ್ನಡಕ್ಕೆ ಇಳಿಸಿದರೆ ಸಾಕು ಅನ್ನುವವರಿದ್ದಾರೆ. ಸಾಲದು ಅನ್ನುವುದು ನಮ್ಮ ವಾದ.

ಒಂದು ಲೆಕ್ಕ ನೋಡೋಣ. ಇದು ನಾವೇ ಮಾಡಿಕೊಂಡ ಉದಾಹರಣೆ. ಸ್ಲೈಡಿನಲ್ಲಿ 'ಲಾಭ ಶೇ. 50 ಏರಿಕೆ' ಎಂದಿದೆ. ತೆರಿಗೆಗೆ ಮುಂಚಿನ ಲಾಭ ಹೋದ ವರ್ಷ ಇದೇ ಮೂರು ತಿಂಗಳಲ್ಲಿ 40 ಕೋಟಿ, ಈ ಸಲ 60 ಕೋಟಿ. ಸುಳ್ಳಲ್ಲ. ಆದರೆ ಫಲಿತಾಂಶದ ಮೂಲ ಕೋಷ್ಟಕ ತೆರೆದರೆ Exceptional items ಎಂಬ ಸಾಲಿನಲ್ಲಿ 30 ಕೋಟಿ ಇದೆ. ಅದು ಜಮೀನು ಮಾರಿದ ಲಾಭ ಎಂದು ಕೆಳಗಿನ ಟಿಪ್ಪಣಿ ಹೇಳುತ್ತದೆ. ಅದನ್ನು ಕಳೆದರೆ ವ್ಯಾಪಾರದಿಂದ ಬಂದದ್ದು 30 ಕೋಟಿ ಮಾತ್ರ. ಅಂದರೆ ವ್ಯಾಪಾರದ ಲಾಭ ಶೇ. 25 ಇಳಿದಿದೆ.

ಹೊಲದ ಮೂಲೆ ಮಾರಿದ ದುಡ್ಡನ್ನು ಈ ವರ್ಷದ ಬೆಳೆಗೆ ಸೇರಿಸಿ ಹೇಳಿದ ಹಾಗೆ ಇದು. ಮುಂದಿನ ವರ್ಷ ಮಾರಲು ಆ ಮೂಲೆ ಇರುವುದಿಲ್ಲ.

ಹಾಗಾಗಿ ಸರಳ ಟಿಪ್ಪಣಿ ಬರೆಯುವವರು ಸ್ಲೈಡಿನಿಂದಲ್ಲ, ಕೋಷ್ಟಕದಿಂದ ಶುರುಮಾಡಬೇಕು. ಲೆಕ್ಕಪರಿಶೋಧಕರು ನೋಡಿ ಸಹಿ ಹಾಕುವುದು ಫಲಿತಾಂಶಕ್ಕೆ, ಸ್ಲೈಡಿಗಲ್ಲ. ಮೊದಲ ಸಾಲು ಹೀಗಿರಲಿ: 'ಕಂಪನಿಯ ಒಟ್ಟು ಷೇರು 10 ಕೋಟಿ. ನಿಮ್ಮ ಹತ್ತಿರ 100 ಷೇರಿದ್ದರೆ, ನಿಮ್ಮ ಪಾಲಿನ ಲಾಭ ತೆರಿಗೆಗೆ ಮುಂಚೆ 600 ರೂಪಾಯಿ. ಅದರಲ್ಲಿ 300 ಜಮೀನು ಮಾರಿದ್ದು. ಹೋದ ವರ್ಷ ವ್ಯಾಪಾರದಿಂದಲೇ 400 ಬಂದಿತ್ತು. ಇದು ಕೈಗೆ ಬರುವ ದುಡ್ಡಲ್ಲ. ಡಿವಿಡೆಂಡ್ ಘೋಷಿಸಿದರೆ ಮಾತ್ರ ಕೈಗೆ ಬರುತ್ತದೆ.'

ಜಮೀನು ಮಾರಿದ್ದೇ ತಪ್ಪು ಅಂತ ನಾವು ಹೇಳುತ್ತಿಲ್ಲ. ಸಾಲ ತೀರಿಸಿದ್ದರೆ ಒಳ್ಳೆಯದೇ. ಆದರೆ ಸಾಲ ಎಷ್ಟಿದೆ, ನಗದು ಎಲ್ಲಿಗೆ ಹೋಯಿತು ಎಂಬ ಪಟ್ಟಿಗಳನ್ನು ಕಡ್ಡಾಯವಾಗಿ ಕೊಡಬೇಕಾದದ್ದು ಆರು ತಿಂಗಳಿಗೊಮ್ಮೆ, ಸೆಪ್ಟೆಂಬರ್ ಮತ್ತು ಮಾರ್ಚ್ ಕೊನೆಯ ಲೆಕ್ಕದ ಜೊತೆ. ಜೂನ್, ಡಿಸೆಂಬರ್ ಫಲಿತಾಂಶದಲ್ಲಿ ಅವು ಇಲ್ಲದಿದ್ದರೆ 'ಇದಕ್ಕೆ ಉತ್ತರ ಈಗ ಸಿಗುವುದಿಲ್ಲ' ಎಂದು ಟಿಪ್ಪಣಿಯಲ್ಲಿ ನೇರವಾಗಿ ಬರೆಯಬೇಕು.

ಇನ್ನೊಂದು ಪರೀಕ್ಷೆ ಇದೆ. ಅದೇ ಕಂಪನಿಯ ಹಳೆಯ ಸ್ಲೈಡು ತೆಗೆದು ನೋಡಿ. ಒಂದು ಸಲದ ನಷ್ಟ ಬಂದಾಗ 'ಅದನ್ನು ಬಿಟ್ಟರೆ ಲಾಭ ಇಷ್ಟು' ಎಂದು ಹೇಳಿ, ಒಂದು ಸಲದ ಲಾಭ ಬಂದಾಗ ಸೇರಿಸಿಕೊಂಡೇ ಹೇಳಿದ್ದರೆ, ಅಳೆಯುವ ಸೇರು ಬದಲಾಗಿದೆ ಎಂದರ್ಥ. ಟಿಪ್ಪಣಿಯಲ್ಲಿ ಎರಡಕ್ಕೂ ಒಂದೇ ಸೇರು ಇರಬೇಕು.

ಇಂಥ ಒಂದು ಪುಟವನ್ನು ಕಂಪನಿಗಳೇ ಫಲಿತಾಂಶದ ದಿನ ಕನ್ನಡದಲ್ಲಿ ಕೊಡಬೇಕು. ನಲವತ್ತು ಸ್ಲೈಡು ಮಾಡುವವರಿಗೆ ಒಂದು ಪುಟ ಭಾರವಲ್ಲ. ಅಲ್ಲಿಯವರೆಗೆ, ಲಾಭ ಏರಿತು ಎಂಬ ಸ್ಲೈಡು ನಿಮ್ಮ ಫೋನಿಗೆ ಬಂದರೆ, ಷೇರು ಕೊಳ್ಳುವ ಮೊದಲು ಕೋಷ್ಟಕದ ಆ ಒಂದು ಸಾಲು ಹುಡುಕಿ.