ಡೈರೆಕ್ಟ್ ಮತ್ತು ರೆಗ್ಯುಲರ್: ಆ ಒಂದು ಶೇಕಡ ಹಣ ಯಾವ ಸೇವೆಗೆ?

ಮ್ಯೂಚುವಲ್ ಫಂಡ್ ಮಾರುವವರು ‘ನಮಗೆ ನೀವು ಏನೂ ಕೊಡಬೇಕಾಗಿಲ್ಲ, ಕಂಪನಿಯೇ ಕೊಡುತ್ತದೆ’ ಎನ್ನುವುದು ವಾಡಿಕೆ. ಕಂಪನಿ ಕೊಡುವುದು ನಿಜ. ಆದರೆ ಆ ವೆಚ್ಚವನ್ನು ಹೊರುವುದು ಹೂಡಿಕೆದಾರರ ಹಣವೇ ಎಂಬ ಮಾತು ಅಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

2009ರ ಆಗಸ್ಟ್ 1ರವರೆಗೆ ಈ ಲೆಕ್ಕ ಕಣ್ಣಿಗೆ ಕಾಣುತ್ತಿತ್ತು. ಷೇರು ಫಂಡ್‌ಗೆ ಹಣ ಹಾಕುವಾಗಲೇ ಶೇ. 2.25ರವರೆಗೆ ಪ್ರವೇಶ ಶುಲ್ಕವನ್ನು ಮುರಿದುಕೊಳ್ಳುತ್ತಿದ್ದರು. ಷೇರುಪೇಟೆ ನಿಯಂತ್ರಕ ಸಂಸ್ಥೆಯಾದ ಸೆಬಿ ಅದನ್ನು ರದ್ದುಪಡಿಸಿತು. ಅನಂತರ 2013ರ ಜನವರಿ 1ರಿಂದ ಪ್ರತಿಯೊಂದು ಫಂಡ್‌ನಲ್ಲಿಯೂ ವಿತರಕರಿಲ್ಲದೆ ಖರೀದಿಸಬಹುದಾದ ‘ಡೈರೆಕ್ಟ್’ ಯೋಜನೆಯನ್ನು ಕಡ್ಡಾಯ ಮಾಡಿತು. ಎರಡು ಯೋಜನೆಗಳಿಗೂ ಫಂಡ್ ಮ್ಯಾನೇಜರ್ ಒಬ್ಬರೇ, ಕೊಳ್ಳುವ ಷೇರುಗಳೂ ಒಂದೇ. ರೆಗ್ಯುಲರ್ ಯೋಜನೆಯ ವೆಚ್ಚದಲ್ಲಿ ವಿತರಕರ ಕಮಿಷನ್ ಸೇರಿರುತ್ತದೆ, ಡೈರೆಕ್ಟ್‌ನಲ್ಲಿ ಸೇರಿರುವುದಿಲ್ಲ. ಈ ಕಾರಣದಿಂದಲೇ ಡೈರೆಕ್ಟ್ ಯೋಜನೆಯ ಯೂನಿಟ್ ಬೆಲೆ, ಅಂದರೆ ಎನ್‌ಎವಿ, ಹೆಚ್ಚಾಗಿರುತ್ತದೆ. ಅದನ್ನು ಕಂಡು ‘ಇದು ದುಬಾರಿ’ ಎಂದು ಹಿಂದೆ ಸರಿಯುವವರು ಈಗಲೂ ಇದ್ದಾರೆ. ವಾಸ್ತವದಲ್ಲಿ ಅದು ಕಡಿಮೆ ವೆಚ್ಚದ ಫಲ.

ವ್ಯವಸ್ಥಾಪಕರು ಸಕ್ರಿಯವಾಗಿ ನಡೆಸುವ ಷೇರು ಫಂಡ್‌ಗಳಲ್ಲಿ ಈ ವ್ಯತ್ಯಾಸ ವರ್ಷಕ್ಕೆ ಶೇ. 1ರ ಆಸುಪಾಸಿನಲ್ಲಿ ಇರುವುದುಂಟು. ಲಿಕ್ವಿಡ್ ಫಂಡ್‌ಗಳಲ್ಲಿ ಅತ್ಯಲ್ಪ. ಉದಾಹರಣೆಗೆ 10 ಲಕ್ಷ ರೂಪಾಯಿಯನ್ನು 15 ವರ್ಷ ಇಟ್ಟರೆಂದು ಭಾವಿಸೋಣ. ಡೈರೆಕ್ಟ್‌ನಲ್ಲಿ ವಾರ್ಷಿಕ ಶೇ. 11 ಗಳಿಕೆಯಾದರೆ ಅದು ಸುಮಾರು 47.8 ಲಕ್ಷವಾಗುತ್ತದೆ. ರೆಗ್ಯುಲರ್‌ನಲ್ಲಿ ಶೇ. 10ರಂತೆ ಸುಮಾರು 41.8 ಲಕ್ಷ. ಅಂತರ 6 ಲಕ್ಷ. ಇದರಲ್ಲಿ ಕಮಿಷನ್ ರೂಪದಲ್ಲಿ ಹೋಗುವುದು ಸುಮಾರು 3.3 ಲಕ್ಷ ಮಾತ್ರ. ಉಳಿದದ್ದು, ಆ ಹಣ ಫಂಡ್‌ನಲ್ಲಿಯೇ ಇದ್ದಿದ್ದರೆ ಗಳಿಸುತ್ತಿದ್ದ ಲಾಭ.

ಗಮನಿಸಬೇಕಾದದ್ದು ಕಮಿಷನ್ ಬೆಳೆಯುವ ಬಗೆಯನ್ನು. ಮಾರಾಟವಾದ ಕೂಡಲೇ ಇಡಿಗಂಟು ಕೊಡುವ ಪದ್ಧತಿಯನ್ನು ಸೆಬಿ 2018ರ ಅಕ್ಟೋಬರ್‌ನಲ್ಲಿ ನಿಲ್ಲಿಸಿ, ಹಣ ಫಂಡ್‌ನಲ್ಲಿ ಇರುವಷ್ಟು ಕಾಲ ಸಲ್ಲುವ ‘ಟ್ರೇಲ್’ ಕಮಿಷನ್ ಒಂದನ್ನೇ ಉಳಿಸಿತು. ಗ್ರಾಹಕರನ್ನು ಆಗಾಗ ಫಂಡ್ ಬದಲಿಸುವಂತೆ ಮಾಡುವ ಆಮಿಷ ಇದರಿಂದ ತಗ್ಗಿತೆಂಬುದರಲ್ಲಿ ಅನುಮಾನವಿಲ್ಲ. ಆದರೆ ಮೇಲಿನ ಉದಾಹರಣೆಯಲ್ಲಿ ಮೊದಲ ವರ್ಷ ಸುಮಾರು 10 ಸಾವಿರವಿದ್ದ ಕಮಿಷನ್ ಹದಿನೈದನೆಯ ವರ್ಷ 40 ಸಾವಿರಕ್ಕೆ ಏರುತ್ತದೆ. ಅರ್ಜಿ ತುಂಬುವುದು, ಕೆವೈಸಿ ಮುಂತಾದ ಕೆಲಸವೆಲ್ಲ ಮೊದಲ ವರ್ಷವೇ ಮುಗಿದಿರುತ್ತದೆ. ಸಂಭಾವನೆಗೂ ಶ್ರಮಕ್ಕೂ ಇಲ್ಲಿ ನಂಟು ಕಡಿದುಹೋಗಿದೆ.

ಹಾಗಾದರೆ ಇದು ಸಲಹೆಯ ಶುಲ್ಕವೇ? ಕಾನೂನಿನ ದೃಷ್ಟಿಯಲ್ಲಿ ಅಲ್ಲ. ವಿತರಕರು ಮಾರಾಟಕ್ಕೆ ಪೂರಕವಾದ ಸಲಹೆಯನ್ನಷ್ಟೇ ಕೊಡಬಹುದು. ಹೂಡಿಕೆ ಸಲಹೆಗಾರರೆಂದು ಕರೆದುಕೊಳ್ಳಬೇಕಾದರೆ ಸೆಬಿಯ 2013ರ ನಿಯಮಾವಳಿಯಂತೆ ಪ್ರತ್ಯೇಕ ನೋಂದಣಿ ಬೇಕು. ಅಂಥವರು ಗ್ರಾಹಕರಿಂದಲೇ ಶುಲ್ಕ ಪಡೆಯುತ್ತಾರೆ. ಸಲಹೆ ಕೊಟ್ಟ ಗ್ರಾಹಕರಿಗೆ ಕಮಿಷನ್ ಇರುವ ಯೋಜನೆಯನ್ನು ಮಾರುವಂತಿಲ್ಲ. ಹಾಗೆಂದು ಕಮಿಷನ್ ಪೂರಾ ವ್ಯರ್ಥವೆನ್ನುವುದೂ ಸರಿಯಲ್ಲ. 2020ರ ಮಾರ್ಚ್‌ನಲ್ಲಿ ಪೇಟೆ ಕುಸಿದಾಗ ಎಲ್ಲವನ್ನೂ ಮಾರಿ ಹೊರಬರಲು ಹೊರಟವರನ್ನು ತಡೆದ ವಿತರಕರು ತಮ್ಮ ಹಲವು ವರ್ಷಗಳ ಸಂಭಾವನೆಯನ್ನು ಒಂದೇ ಫೋನ್ ಕರೆಯಲ್ಲಿ ದುಡಿದಂತೆಯೇ. ಹೂಡಿಕೆದಾರರು ತೀರಿಕೊಂಡಾಗ ಯೂನಿಟ್‌ಗಳನ್ನು ವಾರಸುದಾರರ ಹೆಸರಿಗೆ ವರ್ಗಾಯಿಸಲು ಓಡಾಡುವವರೂ ಉಂಟು. ಆದರೆ ವರ್ಷಗಟ್ಟಲೆ ಒಂದು ಕರೆಯನ್ನೂ ಮಾಡದವರಿಗೂ ಸಲ್ಲುವುದು ಅದೇ ಕಮಿಷನ್.

ತಮ್ಮದು ಯಾವ ಬಗೆಯೆಂದು ತಿಳಿಯಲು ಆರು ತಿಂಗಳಿಗೊಮ್ಮೆ ಬರುವ ಕ್ರೋಡೀಕೃತ ಖಾತೆ ವಿವರ ಪತ್ರವನ್ನು ತೆರೆದು ನೋಡಬೇಕು. ಯೋಜನೆಯ ಹೆಸರಿನಲ್ಲಿ ‘ಡೈರೆಕ್ಟ್’ ಎಂಬ ಪದವಿಲ್ಲದಿದ್ದರೆ ಅದು ಬಹುತೇಕ ರೆಗ್ಯುಲರ್. ವಿತರಕರಿಗೆ ಸಂದ ಕಮಿಷನ್ ಎಷ್ಟೆಂಬುದನ್ನೂ ಅಲ್ಲಿ ರೂಪಾಯಿಗಳಲ್ಲಿಯೇ ತೋರಿಸಿರುತ್ತಾರೆ. ಆ ಮೊತ್ತಕ್ಕೆ ಕಳೆದ ವರ್ಷ ಏನು ಸೇವೆ ದೊರೆಯಿತೆಂದು ಕೇಳಿಕೊಂಡರೆ ಉತ್ತರ ಕಷ್ಟವೇನಲ್ಲ.

ಬದಲಿಸಲು ನಿರ್ಧರಿಸಿದವರು ಒಂದು ವಿಷಯ ತಿಳಿದಿರಬೇಕು. ರೆಗ್ಯುಲರ್‌ನಿಂದ ಡೈರೆಕ್ಟ್‌ಗೆ ಹೋಗುವುದನ್ನು ತೆರಿಗೆ ಇಲಾಖೆ ಮಾರಾಟವೆಂದೇ ಪರಿಗಣಿಸುತ್ತದೆ. ಷೇರು ಫಂಡ್ ಆಗಿದ್ದು ಒಂದು ವರ್ಷ ಮೀರಿದ್ದರೆ, ವರ್ಷಕ್ಕೆ 1.25 ಲಕ್ಷ ಮೀರಿದ ಲಾಭದ ಮೇಲೆ ಶೇ. 12.5 ತೆರಿಗೆ, 2024ರ ಜುಲೈ 23ರಿಂದ ಜಾರಿಗೆ ಬಂದ ದರವಿದು. 11 ಲಕ್ಷದ ಹೂಡಿಕೆಯಲ್ಲಿ 3 ಲಕ್ಷ ಲಾಭವಿದ್ದರೆ, ಆ ವರ್ಷ ಇಂಥ ಬೇರೆ ಲಾಭವಿಲ್ಲದವರಿಗೆ, ಸೆಸ್ ಬಿಟ್ಟು 21,875 ರೂಪಾಯಿ ತೆರಿಗೆ. ವರ್ಷಕ್ಕೆ ಉಳಿಯುವುದು ಸುಮಾರು 11 ಸಾವಿರವಾದ್ದರಿಂದ ಎರಡು ವರ್ಷದಲ್ಲಿ ಅದು ಮರಳುತ್ತದೆ. ಅರ್ಧವನ್ನು ಮಾರ್ಚ್‌ನಲ್ಲಿ, ಉಳಿದರ್ಧವನ್ನು ಏಪ್ರಿಲ್‌ನಲ್ಲಿ ಬದಲಿಸಿದರೆ ವಿನಾಯಿತಿ ಎರಡು ಬಾರಿ ದೊರೆತು ತೆರಿಗೆ 6 ಸಾವಿರದ ಆಸುಪಾಸಿಗೆ ಇಳಿಯುತ್ತದೆ. ವರ್ಷ ತುಂಬದ ಯೂನಿಟ್‌ಗಳಿಗೆ ನಿರ್ಗಮನ ಶುಲ್ಕವೂ ಬೀಳಬಹುದು. ಅವನ್ನು ಸದ್ಯಕ್ಕೆ ಹಾಗೆಯೇ ಬಿಟ್ಟು, ಮುಂದಿನ ಮಾಸಿಕ ಕಂತನ್ನಷ್ಟೇ ಡೈರೆಕ್ಟ್ ಯೋಜನೆಯಲ್ಲಿ ಹೊಸದಾಗಿ ಆರಂಭಿಸುವುದು ಲೇಸು.