ಮೊದಲ ಸಾವಿರ ಪದ: ಆಯ್ಕೆಯನ್ನು ಎಣಿಕೆಗೇ ಬಿಡಬಹುದೇ?

ಬಳ್ಳಾರಿ ರಸ್ತೆಗೂ ಕೊಡಿಗೇಹಳ್ಳಿಗೂ ನಡುವೆ ಹಬ್ಬಿರುವ ಸಹಕಾರನಗರದಲ್ಲಿ ಹಿಂದಿ, ಬಂಗಾಳಿ, ತೆಲುಗು, ಮಲಯಾಳ ಮನೆಮಾತಿನವರು ಅಕ್ಕಪಕ್ಕದಲ್ಲೇ ಇದ್ದಾರೆ. ಅವರಲ್ಲಿ ಕನ್ನಡ ಕಲಿಯಲು ಹೊರಟ ದೊಡ್ಡವರಿಗೆ ಸಿಗುವುದು ವಾರದಲ್ಲಿ ಎರಡೋ ಮೂರೋ ಗಂಟೆ. ಅಷ್ಟರಲ್ಲಿ ಮೊದಲು ಕಲಿಸುವ ಸಾವಿರ ಪದಗಳನ್ನು ಆರಿಸುವುದು ಹೇಗೆ? ಹೆಚ್ಚು ಬಳಕೆಯಾಗುವ ಪದಗಳನ್ನು ಎಣಿಸಿ, ಮೇಲಿನ ಸಾವಿರವನ್ನು ಹಿಡಿದು ಉಳಿದದ್ದನ್ನು ಬಿಟ್ಟರೆ ಸಾಕೆ? ಈ ಪ್ರಶ್ನೆ ಎತ್ತಿದರೆ, ಬಂದವರು ಕನ್ನಡ ಕಲಿಯಲೇಬೇಕೋ ಬೇಡವೋ ಎಂಬ ವಾದಕ್ಕೆ ಇಳಿಯುವ ಹಿರಿಯರು ಎಲ್ಲ ಬಡಾವಣೆಗಳಲ್ಲೂ ಇರುತ್ತಾರೆ. ಅದು ಬೇರೆ ಜಗಳ. ಇಲ್ಲಿರುವುದು ಕಲಿಯಲು ಆಗಲೇ ಕೂತವರ ಪ್ರಶ್ನೆ.

ಪರ

ಎಣಿಕೆಯ ಪರವಾದ ವಾದ ಗಟ್ಟಿಯಾದದ್ದೇ. ಯಾವ ಭಾಷೆಯಲ್ಲೂ ಕೆಲವೇ ಪದಗಳು ಹೆಚ್ಚಿನ ಕೆಲಸ ಮಾಡುತ್ತವೆ, ಉಳಿದ ಬಹುಪಾಲು ಪದಗಳು ಅಪರೂಪಕ್ಕೆ ಕಾಣಿಸಿಕೊಳ್ಳುತ್ತವೆ. ಜಾರ್ಜ್ ಜಿಫ್ 1930ರ ದಶಕದಲ್ಲೇ ಈ ಇಳಿಜಾರನ್ನು ತೋರಿಸಿದ್ದರು. 1960ರ ದಶಕದಲ್ಲಿ ಅಮೆರಿಕದಲ್ಲಿ ಹತ್ತು ಲಕ್ಷ ಇಂಗ್ಲಿಷ್ ಪದಗಳ ಸಂಗ್ರಹವೊಂದನ್ನು ಎಣಿಸಿದಾಗ, ಅದರ ಅರ್ಧ ಭಾಗ ಸುಮಾರು 135 ಪದಗಳಿಂದಲೇ ತುಂಬಿತ್ತು. ಬಂಗಾಳದಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಮೈಕೆಲ್ ವೆಸ್ಟ್ 1953ರಲ್ಲಿ ಸುಮಾರು ಎರಡು ಸಾವಿರ ಪದಗಳ ಪಟ್ಟಿ ಹೊರತಂದದ್ದೂ ಈ ನಂಬಿಕೆಯ ಮೇಲೆಯೇ. ಕಿಟೆಲ್ 1894ರಲ್ಲಿ ಅಚ್ಚು ಹಾಕಿಸಿದ ಕನ್ನಡ ನಿಘಂಟಿನಲ್ಲಿ ಎಪ್ಪತ್ತು ಸಾವಿರದಷ್ಟು ಪದಗಳಿವೆ. ಅಷ್ಟರಲ್ಲಿ ಸಾವಿರವನ್ನು ಹೆಕ್ಕಲು ಏನಾದರೊಂದು ಜರಡಿ ಬೇಕು. ಜರಡಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ವರ್ಣಮಾಲೆಯ ಪಾಠವೇ ಸಾಕ್ಷಿ. ಅ ಅರಸ, ಆ ಆನೆ, ಇ ಇಲಿ, ಈ ಈಶ, ಉ ಉಡ. ಮನೆಯಲ್ಲಿ ಕನ್ನಡ ಕೇಳಿಯೇ ಬೆಳೆದ ಮಗುವಿಗೆ ಅಕ್ಷರ ಹಿಡಿಸಲು ಮಾಡಿದ ಆ ಸಾಲನ್ನು ದೊಡ್ಡವರ ಕೈಗೂ ಕೊಟ್ಟರೆ ಅವರು ‘ಬೇಡ’ ಎನ್ನುವುದನ್ನು ಕಲಿಯುವ ಮೊದಲೇ ಉಡವನ್ನು ಕಲಿತಿರುತ್ತಾರೆ.

ಕನ್ನಡದ ರಚನೆ ಈ ವಾದಕ್ಕೆ ಇನ್ನಷ್ಟು ಬಲ ಕೊಡುತ್ತದೆ. ನಮ್ಮಲ್ಲಿ ತುಂಬ ಬಳಕೆಯ ಕ್ರಿಯಾಪದಗಳೇ ರೂಪದಲ್ಲಿ ತುಂಬ ಕಾಡುವವು. ‘ನೋಡು’ ಎನ್ನುವುದು ‘ನೋಡಿದೆ’ ಆಗುವ ದಾರಿ ನೇರವಾಗಿದೆ, ಅದೇ ದಾರಿಯಲ್ಲಿ ನೂರಾರು ಕ್ರಿಯಾಪದಗಳು ನಡೆಯುತ್ತವೆ. ‘ಬಾ’ ‘ಬಂದೆ’ ಆಗುವುದನ್ನು, ‘ಕೊಡು’ ‘ಕೊಟ್ಟೆ’, ‘ತರು’ ‘ತಂದೆ’, ‘ಹೋಗು’ ‘ಹೋದೆ’, ‘ಆಗು’ ‘ಆಯ್ತು’ ಆಗುವುದನ್ನು ಮಾತ್ರ ಬಾಯಿಪಾಠ ಮಾಡದೆ ಬೇರೆ ದಾರಿಯಿಲ್ಲ. ಇವು ಪಟ್ಟಿಯ ತಲೆಯಲ್ಲೇ ಇರುವುದರಿಂದ ಎಣಿಕೆಯನ್ನು ನಂಬಿದವರು ಕಷ್ಟದ ಪಾಲನ್ನು ಮೊದಲೇ ಮುಗಿಸಿಕೊಳ್ಳುತ್ತಾರೆ. ಬೆಂಗಳೂರಿನಲ್ಲಿ ‘ಮಾಡು’ ಎಂಬ ಒಂದೇ ಕ್ರಿಯಾಪದ ಬುಕ್ ಮಾಡಿ, ಕಾಲ್ ಮಾಡಿ, ಕ್ಲೀನ್ ಮಾಡಿ, ಪಾರ್ಕ್ ಮಾಡಬೇಡಿ ಎಂದು ಹತ್ತಾರು ಕಡೆ ದುಡಿಯುತ್ತದೆ. ಅದು ಬಂದರೆ ಸಾಲು ಸಾಲು ಪದಗಳನ್ನು ಸದ್ಯಕ್ಕೆ ಪಕ್ಕಕ್ಕಿಡಬಹುದು. ಇದು ಕಂಗ್ಲಿಷ್ ಎಂದು ಮುಖ ಸಿಂಡರಿಸುವವರಿದ್ದಾರೆ, ಅವರ ಬೇಸರ ಸುಳ್ಳಲ್ಲ. ಆದರೆ ಹೊಸಬರ ಕಿವಿಗೆ ಬೀಳುವ ಕನ್ನಡ ಇದೇ. ಕನ್ನಡಿಗರೇ ಬಳಸದ ಪದವನ್ನು ಅವರ ಬಾಯಲ್ಲಿ ಮಾತ್ರ ನಿರೀಕ್ಷಿಸುವುದು ನ್ಯಾಯವಲ್ಲ.

ವಿರೋಧ

ಎಣಿಸಬೇಕು, ಸರಿ. ಆದರೆ ಯಾವುದನ್ನು? ಕಂಪ್ಯೂಟರ್ ಬಲ್ಲವರು, ಪತ್ರಿಕೆ ಮತ್ತು ಜಾಲತಾಣಗಳ ಬರಹವನ್ನು ಒಟ್ಟುಮಾಡಿ ಎಣಿಸಿದರೆ ಸಂಜೆಯೊಳಗೆ ಪಟ್ಟಿ ಸಿದ್ಧ ಎನ್ನುತ್ತಾರೆ. ಅವರ ಮಾತು ಅರ್ಧ ನಿಜ. ಪಟ್ಟಿ ಸಿದ್ಧವಾಗುತ್ತದೆ, ಆದರೆ ಅದರ ಮೊದಲ ಸಾಲುಗಳಲ್ಲಿ ‘ಮತ್ತು’, ‘ಹಾಗೂ’, ‘ಎಂದು’, ‘ಎಂಬ’, ‘ಕುರಿತು’ ಕೂತಿರುತ್ತವೆ, ಸ್ವಲ್ಪ ಕೆಳಗೆ ಸರ್ಕಾರ, ಸಚಿವ, ಜಿಲ್ಲೆ. ಕೊಡಿಗೇಹಳ್ಳಿ ಗೇಟಿನ ತರಕಾರಿ ಗಾಡಿಯ ಮುಂದೆ ‘ಟೊಮ್ಯಾಟೊ ಮತ್ತು ಈರುಳ್ಳಿ’ ಎಂದು ಯಾರೂ ಕೇಳುವುದಿಲ್ಲ, ‘ಟೊಮ್ಯಾಟೊ ಅರ್ಧ ಕೆಜಿ, ಈರುಳ್ಳಿ ಒಂದು ಕೆಜಿ’ ಎಂದರೆ ಮುಗಿಯಿತು. ‘ಎಂದು’ ಮಾತಿನಲ್ಲಿ ‘ಅಂತ’ ಆಗುತ್ತದೆ, ‘ಅಥವಾ’ ಬದಲು ‘ಇಲ್ಲಾಂದ್ರೆ’ ಬರುತ್ತದೆ. ಬರೆಯುವ ಕನ್ನಡಕ್ಕೂ ಆಡುವ ಕನ್ನಡಕ್ಕೂ ಇಷ್ಟು ದೂರವಿರುವಾಗ ಅಚ್ಚಿನ ಎಣಿಕೆಯನ್ನು ಮಾತಿಗೆ ಅಳತೆಗೋಲಾಗಿ ಇಡಲಾಗದು. 1969ರಲ್ಲಿ ಶುರುವಾದ ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1990ರ ದಶಕದಲ್ಲಿ ಕನ್ನಡದ ಲಕ್ಷಗಟ್ಟಲೆ ಪದಗಳ ಸಂಗ್ರಹ ಮಾಡಿದಾಗಲೂ ಅದಕ್ಕೆ ಆಧಾರವಾದದ್ದು ಮುಖ್ಯವಾಗಿ ಅಚ್ಚಾದ ಬರಹವೇ. ಪ್ರತ್ಯಯಗಳದ್ದು ಇನ್ನೊಂದು ತೊಡಕು. ಯಂತ್ರಕ್ಕೆ ‘ಮನೆ’, ‘ಮನೆಗೆ’, ‘ಮನೆಯಲ್ಲಿ’, ‘ಮನೆಯಿಂದ’ ಎಲ್ಲ ಬೇರೆ ಬೇರೆ ಪದಗಳು, ಹಾಗಾಗಿ ಒಂದೇ ಪದದ ಬಳಕೆ ನಾಲ್ಕಾರು ಸಾಲುಗಳಿಗೆ ಹರಿದು ಹಂಚಿಹೋಗಿ ಅದು ಪಟ್ಟಿಯಲ್ಲಿ ಕೆಳಕ್ಕೆ ಜಾರುತ್ತದೆ. ಪ್ರತ್ಯಯವೇ ಅಂಟದ ‘ಹಾಗೂ’ ಮಾತ್ರ ಇಡಿಯಾಗಿ ಉಳಿದು ಮೇಲಕ್ಕೇರುತ್ತದೆ. ಸಾವಿರ ಪದ ಬಂದರೆ ಮಾತಿನ ನೂರಕ್ಕೆ ಎಂಬತ್ತು ಪಾಲು ಅರ್ಥವಾಗುತ್ತದೆ ಎಂಬ ಮಾತು ಕೂಡ ಇಂಗ್ಲಿಷಿನ ಲೆಕ್ಕದಿಂದ ಬಂದದ್ದು, ಅದನ್ನು ಕನ್ನಡಕ್ಕೆ ಹಾಗೇ ತಂದು ಕೂರಿಸಲಾಗದು.

ಹಾಗಾದರೆ ಮಾತನ್ನೇ ಎಣಿಸೋಣ ಎಂದರೆ, ಅದನ್ನು ಮಾಡಿ ನೋಡಿದವರೂ ಇದ್ದಾರೆ. 1950ರ ದಶಕದಲ್ಲಿ ಫ್ರಾನ್ಸಿನ ಜಾರ್ಜ್ ಗುಗೆನೈಮ್ ಮತ್ತು ಜೊತೆಗಾರರು ಜನರ ಮಾತುಕತೆಯನ್ನು ಧ್ವನಿಮುದ್ರಿಸಿಕೊಂಡು ಎಣಿಸಿದರು. ಎಲ್ಲರಿಗೂ ಗೊತ್ತಿರುವ, ನಿತ್ಯ ಕೈಗೆ ಸಿಗುವ ಎಷ್ಟೋ ವಸ್ತುಗಳ ಹೆಸರು ಆ ಪಟ್ಟಿಯಲ್ಲಿ ಮೇಲೆ ಬರಲೇ ಇಲ್ಲ. ಕಾರಣ ಸರಳವಾಗಿದೆ. ವಿಷಯ ಯಾವುದೇ ಇರಲಿ, ‘ಇದೆ’, ‘ಬೇಕು’, ‘ಹೋಗು’ ಬರುತ್ತವೆ. ವಸ್ತುವಿನ ಹೆಸರು ಆ ವಸ್ತುವಿನ ಮಾತು ಬಂದಾಗ ಮಾತ್ರ ಬರುತ್ತದೆ, ಬಂದಾಗ ಅದಿಲ್ಲದೆ ನಡೆಯುವುದಿಲ್ಲ. ಆದ್ದರಿಂದ ಅವರು ಶಾಲೆಯ ಮಕ್ಕಳಿಗೆ ಅಡುಗೆ, ಬಟ್ಟೆ, ದೇಹದಂಥ ವಿಷಯ ಕೊಟ್ಟು, ತೋಚಿದ ಪದಗಳನ್ನು ಬರೆಯಲು ಹೇಳಿ, ಹಾಗೆ ದೊರೆತವನ್ನೂ ಪಟ್ಟಿಗೆ ಸೇರಿಸಿದರು. ಅಂಕಿಗಳ ವಿಷಯದಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ‘ಒಂದು’ ಯಾವ ಎಣಿಕೆಯಲ್ಲೂ ಮೇಲೆಯೇ ಇರುತ್ತದೆ, ‘ಎಪ್ಪತ್ತು’ ಎಲ್ಲೋ ಕೆಳಗೆ. ಆದರೆ ಸೊಪ್ಪಿನವರು ಎಪ್ಪತ್ತು ಎಂದಾಗ ಎಂಬತ್ತು ಎಂದು ಕೇಳಿಸಿಕೊಂಡವರು ಹತ್ತು ರೂಪಾಯಿ ಕಳೆದುಕೊಳ್ಳುತ್ತಾರೆ. ಕನ್ನಡದ ಅಂಕಿಗಳನ್ನು ಕಲಿಯುವ ಖರ್ಚೂ ಕಡಿಮೆ. ನೂರರವರೆಗೆ ಪ್ರತಿ ಅಂಕಿಗೂ ಬೇರೆ ರೂಪ ನೆನಪಿಟ್ಟುಕೊಂಡ ಹಿಂದಿಯವರಿಗೆ ಇಲ್ಲಿ ಇಪ್ಪತ್ತರವರೆಗಿನವು ಮತ್ತು ಹತ್ತರ ಗುಂಪುಗಳು ಬಂದರೆ ಉಳಿದವು ತಾವಾಗಿ ಕೂಡಿಕೊಳ್ಳುತ್ತವೆ. ಹೀಗೆ ಗುಂಪಾಗಿ ಬರುವ ಅಂಕಿ, ವಾರ, ದಿಕ್ಕು ಮೊದಲಾದವನ್ನು ಗುಂಪಾಗಿಯೇ ಕಲಿಯಬೇಕು, ಒಂದೊಂದಕ್ಕೂ ಪಟ್ಟಿಯ ಅಪ್ಪಣೆಗೆ ಕಾಯಬಾರದು.

ನನ್ನ ಮುಖ್ಯ ತಕರಾರು ಇರುವುದು ಬಿಡುವ ವಿಚಾರದಲ್ಲಿ. ಏನನ್ನು ಮೊದಲು ಹಿಡಿಯಬೇಕು ಎಂಬುದನ್ನು ಎಣಿಕೆ ಸುಮಾರಾಗಿ ಹೇಳಬಲ್ಲದು. ಏನನ್ನು ಬಿಟ್ಟರೆ ಅಪಾಯವಿಲ್ಲ ಎಂಬುದು ಅದಕ್ಕೆ ತಿಳಿಯದು. ಆಡುವಾಗ ಬಿಡುವುದೇ ಬೇರೆ, ಕೇಳುವಾಗ ಬಿಡುವುದೇ ಬೇರೆ. ನಾವು ಮಾತಾಡುವಾಗ ಪದ ಸಿಗದಿದ್ದರೆ ‘ಸ್ಯಾಟರ್‌ಡೇ’ ಎನ್ನಬಹುದು, ಎದುರಿನವರು ಅರ್ಥಮಾಡಿಕೊಳ್ಳುತ್ತಾರೆ. ಅವರು ‘ಶನಿವಾರ’ ಎಂದಾಗ ಪದದ ಆಯ್ಕೆ ನಮ್ಮ ಕೈಯಲ್ಲಿಲ್ಲ. ಒಂದು ಫೋನ್ ಮಾತನ್ನೇ ತೆಗೆದುಕೊಳ್ಳಿ. ಮನೆಗೆಲಸಕ್ಕೆ ಬರುವವರು ‘ನಾಳೆ ಬರಕ್ಕಾಗಲ್ಲ ಅಮ್ಮ, ಊರಲ್ಲಿ ಹಬ್ಬ ಐತೆ, ನಾಡಿದ್ದು ಬರ್ತೀನಿ’ ಎನ್ನುತ್ತಾರೆ. ಇದರಲ್ಲಿ ‘ಊರು’, ‘ಬರು’, ‘ನಾಳೆ’ ಯಾವ ಪಟ್ಟಿಯಲ್ಲೂ ಸಿಗುವ ಪದಗಳು. ‘ಬರಕ್ಕಾಗಲ್ಲ’ ಎಂಬ ರೂಪ ಪಟ್ಟಿಯಲ್ಲಿ ಇರುವುದಿಲ್ಲ, ‘ಬರಲು’, ‘ಆಗುವುದಿಲ್ಲ’ ಎಂದು ಕಲಿತವರ ಕಿವಿಗೆ ಅದು ಹೊಸ ಪದವಾಗಿಯೇ ಬೀಳುತ್ತದೆ. ‘ನಾಡಿದ್ದು’ ಅಚ್ಚಿನಲ್ಲಿ ಬಲು ಅಪರೂಪ, ಪತ್ರಿಕೆಯವರು ತಾರೀಖು ಹಾಕುತ್ತಾರೆ. ಹಿಂದಿಯವರಿಗಂತೂ ಇಲ್ಲಿ ಎರಡು ಪಟ್ಟು ಕೆಲಸ. ಅವರ ‘ಕಲ್’ ನಿನ್ನೆಯೂ ಹೌದು ನಾಳೆಯೂ ಹೌದು, ‘ಪರಸೋಂ’ ಮೊನ್ನೆಯೂ ಹೌದು ನಾಡಿದ್ದೂ ಹೌದು. ನಾವು ನಾಲ್ಕಕ್ಕೂ ಬೇರೆ ಬೇರೆ ಹೆಸರಿಟ್ಟಿದ್ದೇವೆ. ‘ನಾಡಿದ್ದು’ ಬಿಟ್ಟವರು ಒಂದು ದಿನ ತಪ್ಪಾಗಿ ಕಾಯುತ್ತಾರೆ. ‘ಎದೆ’, ‘ಉಸಿರು’, ‘ತಲೆ ಸುತ್ತು’ ಬಿಟ್ಟವರಿಗೆ ಇನ್ನೂ ದೊಡ್ಡ ಪೆಟ್ಟು ಬೀಳಬಹುದು. ಒಂದು ಪದವನ್ನು ಬಿಡುವ ಮುನ್ನ ಅದು ಎಷ್ಟು ಸಲ ಬರುತ್ತದೆ ಎಂದು ಕೇಳಿದರೆ ಸಾಲದು. ಬಂದಾಗ ತಿಳಿಯದೆ ಹೋದರೆ ಎಷ್ಟು ನಷ್ಟ, ಆ ನಷ್ಟವನ್ನು ಎದುರಿನವರು ತುಂಬಿಕೊಡಬಲ್ಲರೇ ಎಂದೂ ಕೇಳಬೇಕು.

ಈ ಅಳತೆ ಹಿಡಿದರೆ ಎಣಿಕೆ ಕೊಡುವುದಕ್ಕಿಂತ ದೊಡ್ಡ ರಿಯಾಯಿತಿಯೂ ಸಿಗುತ್ತದೆ. ‘ನೀನು’, ‘ಅವನು’, ‘ಅವಳು’ ಯಾವ ಎಣಿಕೆಯಲ್ಲೂ ಮೇಲಿನವು. ಆದರೂ ಆಡಲು ಇವನ್ನು ಮೊದಲ ವರ್ಷ ಪೂರ್ತಿ ಬಿಡಬಹುದು. ಎಲ್ಲರನ್ನೂ ‘ನೀವು’, ‘ಅವರು’ ಎಂದರೆ ಯಾರಿಗೂ ನೋವಾಗುವುದಿಲ್ಲ. ಮಗುವಿಗೆ ‘ನೀವು’ ಎಂದರೆ ಮಗು ನಕ್ಕೀತು, ಹಿರಿಯರಿಗೆ ‘ನೀನು’ ಎಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಲಾಭ ಮರ್ಯಾದೆಯದಷ್ಟೇ ಅಲ್ಲ. ಹೋಗ್ತೀನಿ, ಹೋಗ್ತೀವಿ, ಹೋಗ್ತೀಯ, ಹೋಗ್ತೀರ, ಹೋಗ್ತಾನೆ, ಹೋಗ್ತಾಳೆ, ಹೋಗ್ತಾರೆ, ಹೋಗತ್ತೆ, ಹೋಗ್ತವೆ ಎಂಬ ಒಂಬತ್ತು ರೂಪಗಳಲ್ಲಿ ನಾಲ್ಕು ಉದುರುತ್ತವೆ, ಏಕೆಂದರೆ ಮಾತಿನಲ್ಲಿ ‘ಹೋಗ್ತವೆ’ ಜಾಗವನ್ನೂ ಹೆಚ್ಚಾಗಿ ‘ಹೋಗತ್ತೆ’ಯೇ ನೋಡಿಕೊಳ್ಳುತ್ತದೆ. ಪ್ರತಿ ಕ್ರಿಯಾಪದದಲ್ಲೂ ಇಷ್ಟು ಉಳಿತಾಯ. ಕೇಳಿದರೆ ಗುರುತಿಸುವಷ್ಟು ಪರಿಚಯ ಮಾತ್ರ ಇರಲೇಬೇಕು.

ಅನುಭವವುಳ್ಳ ಶಿಕ್ಷಕರು ಇದಕ್ಕೆ ಒಂದು ಆಕ್ಷೇಪ ಎತ್ತುತ್ತಾರೆ, ಅದು ತಳ್ಳಿಹಾಕುವಂಥದ್ದಲ್ಲ. ಯಾವ ನಷ್ಟ ದೊಡ್ಡದು ಎಂದು ತೀರ್ಮಾನಿಸುವವರು ಯಾರು? ಎಣಿಕೆಗೆ ಪಕ್ಷಪಾತವಿಲ್ಲ, ಶಿಕ್ಷಕರಿಗೆ ಇದೆ. ಒಬ್ಬರು ಅಡುಗೆಮನೆಯ ಪದ ತುಂಬುತ್ತಾರೆ, ಇನ್ನೊಬ್ಬರು ಗಾದೆ ತುಂಬುತ್ತಾರೆ, ಕೊನೆಗೆ ಮತ್ತೆ ಉಡವೇ ಬಂದು ಕೂರುತ್ತದೆ. ಇದಕ್ಕೆ ನನ್ನ ಬಳಿ ಪೂರ್ತಿ ಉತ್ತರವಿಲ್ಲ. ಸಾವಿರದಲ್ಲಿ ಆರುನೂರರಷ್ಟನ್ನು ಆಡುಮಾತಿನ ಎಣಿಕೆಗೆ ಬಿಟ್ಟು, ನೂರೈವತ್ತರಷ್ಟನ್ನು ಅಂಕಿ, ವಾರ, ದಿಕ್ಕುಗಳಂಥ ಗುಂಪುಗಳಿಗೆ ಮೀಸಲಿಟ್ಟು, ಉಳಿದದ್ದನ್ನು ಕಲಿಯುವವರ ಕೈಗೇ ಕೊಡುವುದು ನನಗೆ ಸರಿ ಕಾಣುತ್ತದೆ. ಮಾತು ಎಲ್ಲಿ ನಿಂತಿತು, ಯಾವ ಪದವನ್ನು ಎರಡನೇ ಸಲ ಹೇಳಿಸಿಕೊಳ್ಳಬೇಕಾಯಿತು ಎಂದು ಅವರು ಎರಡು ವಾರ ಗುರುತು ಹಾಕಿಕೊಂಡರೆ ಖಾಲಿ ಜಾಗ ತಾನಾಗಿ ತುಂಬುತ್ತದೆ. ಅಂಗಡಿಯಲ್ಲಿ ಕೂರುವವರ ಗುರುತೂ ಆಸ್ಪತ್ರೆಯ ನರ್ಸ್ ಹಾಕಿಕೊಳ್ಳುವ ಗುರುತೂ ಒಂದೇ ಆಗಿರುವುದಿಲ್ಲ. ಒಂದೇ ಪಠ್ಯ ಹಿಡಿದು ನಲವತ್ತು ಜನರಿಗೆ ಪಾಠ ಹೇಳಬೇಕಾದವರಿಗೆ ಇದು ತಲೆನೋವು. ‘ಹಾಕು’ ಎಂಬಂಥ ಪದವನ್ನು ಹೇಗೆ ಎಣಿಸಬೇಕೋ ಅದೂ ಬಗೆಹರಿದಿಲ್ಲ. ಬಟ್ಟೆ ಹಾಕು, ಉಪ್ಪು ಹಾಕು, ಬೀಗ ಹಾಕು, ಪೆಟ್ರೋಲ್ ಹಾಕು, ಚಾರ್ಜಿಗೆ ಹಾಕು. ಪಟ್ಟಿಯಲ್ಲಿ ಇದು ಒಂದು ಪದ, ಕಲಿಯುವವರಿಗೆ ಐದು.